ಒಂಬತ್ತು ಗಂಟೆಯ ಹಾಡು

(ಹೆಸರು, ಊರು ಬದಲಿಸಿದ್ದೇನೆ. ಹಾಡಿನ ಸಾಲುಗಳನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಕೊಟ್ಟಿದ್ದೇನೆ.)

ಸುಮಾ ಎನ್ನೋಣ. ಮೂವತ್ತರ ಆಸುಪಾಸು, ಶಿವಮೊಗ್ಗದ ಕಡೆ ಶಾಲೆಯಲ್ಲಿ ಪಾಠ ಮಾಡುತ್ತಾರೆ, ಸಂಜೆ ಸುಗಮ ಸಂಗೀತ ಕಲಿಯುತ್ತಾರೆ. ಡಿಸೆಂಬರ್‌ನಲ್ಲಿ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಾಗ ಕೈಯಲ್ಲಿ ನೋಟ್‌ಬುಕ್ ಇತ್ತು. ಕೂತವರೇ ಕೇಳಿದ್ದು ಒಂದೇ ಮಾತು: "ಮೇಡಂ, ಈ ಹಾಡು ಅವಳಿಗೆ ಕಳಿಸಲಾ, ಬೇಡ್ವಾ?"

ಅವಳು ಅಂದರೆ ಹೈಸ್ಕೂಲಿನಿಂದ ಜೊತೆಗಿದ್ದ ಗೆಳತಿ, ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಪ್ರತಿ ಬುಧವಾರ ರಾತ್ರಿ ಒಂಬತ್ತಕ್ಕೆ ಇಬ್ಬರ ವೀಡಿಯೊ ಕರೆ. ಹಾಡು ಹೀಗಿತ್ತು:

ನನ್ನ ದೀಪ ಆರುವ ಹೊತ್ತು
ನಿನ್ನ ಕಿಟಕಿ ತೆರೆಯುವ ಹೊತ್ತು
ನಡುವೆ ಒಂದು ಗಾಜಿನ ಬಾಗಿಲು
ತಟ್ಟಿ ತಟ್ಟಿ ನಿಂತೆ ನಾನು

ಮಾತಿಗೆ ಮೊದಲೇ ನಗುತ್ತಿದ್ದವಳು
ಈಗ ಕಣ್ಣು ಕೆಳಗಿಳಿಸುವೆ
ಒಂಬತ್ತು ಬಡಿದರೆ ನನಗೆ ಹಬ್ಬ
ನಿನಗೆ ಅದೊಂದು ಹೊರೆಯೇನೇ

ಓದಿ ಮುಗಿಸುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು. ನಿದ್ದೆ, ಊಟ, ಕೆಲಸ ಹೇಗಿದೆ ಎಂದು ಮೊದಲು ವಿಚಾರಿಸಿದೆ. ಎರಡು ವಾರಕ್ಕೂ ಮೀರಿ ಬಹುತೇಕ ದಿನವಿಡೀ ಮನಸ್ಸು ಕುಗ್ಗಿದ್ದರೆ ದಾರಿ ಬೇರೆ, ಮನೋವೈದ್ಯರನ್ನು ನೋಡಲು ಹೇಳುತ್ತಿದ್ದೆ. ಇವರಿಗೆ ನಿದ್ದೆ ಕೆಡುತ್ತಿದ್ದುದು ಬುಧವಾರ ಮಾತ್ರ.

ಫೋನ್ ತೆಗೆದು ಹಳೆಯ ಕರೆಗಳ ಪಟ್ಟಿ ನೋಡೋಣ ಎಂದೆ. ಅಕ್ಟೋಬರ್ ಕೊನೆಯವರೆಗೂ ಒಂದೊಂದು ಕರೆ ನಲವತ್ತು ನಿಮಿಷ. ನವೆಂಬರ್ ಮೊದಲ ವಾರದಿಂದ ಆರು ನಿಮಿಷ, ನಾಲ್ಕು ನಿಮಿಷ, ಎರಡು ಸಲ ಎತ್ತೇ ಇಲ್ಲ. ಸ್ನೇಹ ತಣ್ಣಗಾಗುವುದು ಹೀಗೆ ಒಂದೇ ವಾರದಲ್ಲಿ ಅಲ್ಲ. ಇಲ್ಲೇನೋ ಬೇರೆ ಇದೆ ಅನ್ನಿಸಿತು.

ಅಮೆರಿಕದ ಬಹುಪಾಲು ಕಡೆ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್ ಎರಡನೇ ಭಾನುವಾರ ಮತ್ತೆ ಮುಂದಕ್ಕೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಹಾಗಾಗಿ ನಮ್ಮ ರಾತ್ರಿ ಒಂಬತ್ತು ಅಂದರೆ ಅಕ್ಟೋಬರ್‌ನಲ್ಲಿ ಗೆಳತಿಗೆ ಬೆಳಿಗ್ಗೆ ಎಂಟೂವರೆ, ನವೆಂಬರ್‌ನಿಂದ ಏಳೂವರೆ. "ಎಂಟೂವರೆಗೆ ಅವರು ಏನು ಮಾಡ್ತಿರ್ತಾರೆ?" ಎಂದು ಕೇಳಿದೆ. "ಮಗಳನ್ನ ಸ್ಕೂಲಿಗೆ ಬಿಟ್ಟು ಕಾರಲ್ಲಿ ಕೂತು ಮಾತಾಡ್ತಾಳೆ." "ಏಳೂವರೆಗೆ?" ಸುಮಾ ಸುಮ್ಮನಾದರು. ಅವರಿಗೆ ಗೊತ್ತಿರಲಿಲ್ಲ.

'ಕಣ್ಣು ಕೆಳಗಿಳಿಸುವೆ' ಎಂಬ ಸಾಲು ಅವರನ್ನು ಜಾಸ್ತಿ ನೋಯಿಸಿತ್ತು. ನಾನು ಪಕ್ಕದ ಕೋಣೆಗೆ ಹೋಗಿ ಅವರ ಫೋನಿಗೇ ವೀಡಿಯೊ ಕರೆ ಮಾಡಿದೆ. ಮೊದಲು ಪರದೆಯಲ್ಲಿ ಕಾಣುವ ಅವರ ಮುಖವನ್ನೇ ನೋಡುತ್ತಾ ಮಾತಾಡಿದೆ. "ನೀವೂ ಕೆಳಗೇ ನೋಡ್ತಿದ್ದೀರಿ" ಅಂದರು. ಆಮೇಲೆ ಮೇಲಿರುವ ಕ್ಯಾಮೆರಾದ ಚುಕ್ಕೆಯನ್ನು ನೋಡಿದೆ. "ಈಗ ನೇರ ನೋಡ್ತಿದ್ದೀರಿ." ಆಗ ನನಗೆ ಅವರ ಮುಖ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಗೆಳತಿಯ ಮುಖವನ್ನು ಕಣ್ಣಿಟ್ಟು ನೋಡುವವರ ದೃಷ್ಟಿಯೇ ಆ ಕಡೆ ಇಳಿದಂತೆ ಕಾಣುತ್ತದೆ. ಇದು ಎಲ್ಲ ಬೇಸರಕ್ಕೂ ಉತ್ತರವಲ್ಲ, ಆ ಒಂದು ಸಾಲಿಗೆ ಉತ್ತರ. ಆದರೆ ಅದು ಅಕ್ಟೋಬರ್‌ನಲ್ಲೂ ಹೀಗೇ ಇತ್ತಲ್ಲ ಎಂದು ಸುಮಾ ತಾವೇ ಹೇಳಿದರು. ಕರೆ ಚಿಕ್ಕದಾದ ಮೇಲೆ ಅದು ಕಣ್ಣಿಗೆ ಬಿದ್ದಿತ್ತು, ಅಷ್ಟೇ.

ಹಾಡನ್ನು ಈಗಲೇ ಕಳಿಸಬೇಡಿ ಎಂದೆ. ದೂರನ್ನು ಹಾಡಿನಲ್ಲಿಟ್ಟು ಕೊಟ್ಟರೆ ಕೇಳಿದವರಿಗೆ ಉತ್ತರ ಕೊಡಲು ಜಾಗವೇ ಇರುವುದಿಲ್ಲ. "ತುಂಬಾ ಚೆನ್ನಾಗಿದೆ ಕಣೇ" ಅನ್ನಬೇಕು, ಇಲ್ಲ ಅಳಬೇಕು. ಮೊದಲು ಸಾದಾ ಮಾತಿನಲ್ಲಿ ಹೇಳಿ: 'ಕರೆ ಬೇಗ ಮುಗಿದರೆ ನನಗೆ ಬೇಜಾರಾಗುತ್ತೆ, ನಿನಗೆ ಯಾವ ಹೊತ್ತು ಸರಿ?' ಹಾಡಿನಲ್ಲಿ ನಿಮ್ಮ ರಾತ್ರಿ ಮಾತ್ರ ಇದೆ, ಅವರ ಬೆಳಗು ಇಲ್ಲ. ಅದಕ್ಕೊಂದು ಚರಣ ಬರೆಯಿರಿ, ಊಹಿಸಿ ಬೇಡ, ಅವರನ್ನೇ ಕೇಳಿ.

ಹೊತ್ತಿನ ಲೆಕ್ಕವನ್ನೂ ಕಾಗದದ ಮೇಲೆ ಹಾಕಿದೆವು. ಹತ್ತು ಗಂಟೆಗೆ ತಳ್ಳಿದರೆ ಐದಕ್ಕೇ ಏಳುವ ಸುಮಾಗೆ ಕಷ್ಟ. ನಮ್ಮ ಭಾನುವಾರ ಬೆಳಿಗ್ಗೆ ಎಂಟು ಅಲ್ಲಿ ಚಳಿಗಾಲದ ಶನಿವಾರ ಸಂಜೆ ಆರೂವರೆ. ಇಬ್ಬರಿಗೂ ರಜೆ. ಮಾರ್ಚ್‌ವರೆಗೆ ಅದನ್ನು ಕೇಳಿ ನೋಡಿ ಎಂದೆ.

ಮೂರು ವಾರದ ನಂತರ ಬಂದರು. ಭಾನುವಾರ ಗೆಳತಿಗೆ ಒಪ್ಪಿಗೆಯಾಗಿತ್ತು. ಏಳೂವರೆಗೆ ಕರೆ ಬೇಡ ಎಂದರೆ ಸುಮಾಗೆ ನೋವಾಗುತ್ತದೆಂದು ಅವರೂ ನುಂಗಿಕೊಂಡಿದ್ದರಂತೆ. ಹೊಸ ಚರಣ ತೋರಿಸಿದರು:

ನನ್ನ ಅಂಗಳದಿ ಮಲ್ಲಿಗೆ ಬಿರಿದರೆ
ನಿನ್ನ ಒಲೆಯಲ್ಲಿ ಹಾಲುಕ್ಕಿದೆ
ಬೂಟಿಗೆ ಕಾಲು ಚಾಚಿದ ಮಗಳ
ಜಡೆ ನಿನ್ನ ಕೈಯಲ್ಲೇ ಉಳಿದಿದೆ

'ಹೊರೆಯೇನೇ' ಎಂಬ ಸಾಲನ್ನು ಅವರೇ ಹೊಡೆದು ಹಾಕಿದ್ದರು. ಈ ಸಲ ಹಾಡಿ ಕಳಿಸಿದ್ದರು. ಗೆಳತಿಯ ವಾಯ್ಸ್ ಮೆಸೇಜನ್ನು ನನಗೂ ಕೇಳಿಸಿದರು: "ಎಲ್ಲಾ ಸರಿ ಕಣೇ, ಬೂಟು ಮಾತ್ರ ತಪ್ಪು. ಅವಳ ಸಾಕ್ಸ್ ಹುಡುಕೋದ್ರಲ್ಲೇ ನನ್ನ ಬೆಳಗು ಮುಗಿಯೋದು, ಅದನ್ನ ಹಾಕು."