ಹಳೆಯ ಹಾರ್ಡ್ ಡಿಸ್ಕ್ ಕೈಕೊಡುವ ಮುನ್ನ

ಪುಣೆಯಲ್ಲಿದ್ದೇನೆ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಫೋಟೋ ತೆರೆಯಲು ತುಂಬಾ ಹೊತ್ತು ಹಿಡಿಯುತ್ತಿದೆ. ಕೆಡುತ್ತಿದೆಯೇ? ಮೊದಲು ಏನು ಮಾಡಲಿ?

ಮೊದಲು ಅದಕ್ಕೆ ಹೊಸದೇನನ್ನೂ ಬರೆಯುವುದನ್ನು ನಿಲ್ಲಿಸಿ. ಕೇಬಲ್ ಬದಲಿಸಿ ನೋಡಿದ ಮೇಲೂ ನಿಧಾನವಾಗಿದ್ದರೆ CrystalDiskInfo ತಂತ್ರಾಂಶದಲ್ಲಿ Current Pending Sector Count ಎಂಬ ಸಾಲನ್ನು ಗಮನಿಸಿ. ಓದಲಾಗದೆ ಉಳಿದ ಭಾಗಗಳ ಎಣಿಕೆ ಅದು, ಸೊನ್ನೆಯೇ ಇರಬೇಕು. ಡೊಂಬಿವಲಿಯ ನಮ್ಮ ಮನೆಯ ಡಿಸ್ಕ್‌ನಲ್ಲಿ 8 ಇದ್ದದ್ದು ಎರಡೇ ದಿನದಲ್ಲಿ 56 ಆಗಿತ್ತು. ಎಣಿಕೆ ಹೀಗೆ ಏರುತ್ತಿದ್ದರೆ ಡಿಸ್ಕ್ ಕೆಡುತ್ತಿದೆಯೆಂದೇ ತಿಳಿಯಬೇಕು.

ವಿಂಡೋಸ್ ದುರಸ್ತಿಗೆ ಕೇಳಿದರೆ ಒಪ್ಪಬೇಡಿ. ದುರಸ್ತಿಗೆಂದು ವಿಂಡೋಸ್‌ನಲ್ಲಿರುವ `chkdsk /r` ಆದೇಶ ಇಡೀ ಡಿಸ್ಕನ್ನು ಓದುವುದಲ್ಲದೆ ಅದರ ಮೇಲೆ ಬರೆಯುತ್ತದೆ, ಸೋತ ಡಿಸ್ಕ್‌ಗೆ ಆ ದುಡಿಮೆಯೇ ಕೊನೆಯದಾಗಬಹುದು. ಬದಲಿಗೆ ಬೇರೆಲ್ಲೂ ಪ್ರತಿಯಿಲ್ಲದ ಫೋಟೋಗಳನ್ನು, ಒಂದೊಂದೇ ಫೋಲ್ಡರಿನಂತೆ, ಇನ್ನೊಂದು ಡಿಸ್ಕ್‌ಗೆ ನಕಲಿಸಿ. ನಕಲು ಎಲ್ಲಾದರೂ ಸಿಕ್ಕಿಕೊಂಡರೆ ಆ ಕಡತವನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ನಾನು ಹಟ ಹಿಡಿದು ಒಂದೇ ವಿಡಿಯೋದ ಮೇಲೆ ಅರ್ಧ ದಿನ ಕಳೆದೆ, ಅಷ್ಟರಲ್ಲಿ ಪಕ್ಕದ ಫೋಲ್ಡರೂ ತೆರೆಯದಂತಾಯಿತು.

ಟಕ್ ಟಕ್ ಎಂಬ ಸದ್ದು ಮರುಕಳಿಸುತ್ತಿದ್ದರೆ ನಕಲಿಸುವ ಪ್ರಯತ್ನವನ್ನೂ ಮಾಡದೆ ಕೂಡಲೇ ವಿದ್ಯುತ್ ತೆಗೆಯಿರಿ, ಏಕೆಂದರೆ ಓದುವ ಹೆಡ್ ಕೆಟ್ಟಿದ್ದರೆ ಅದು ದತ್ತಾಂಶವಿರುವ ಒಳಗಿನ ತಟ್ಟೆಯ ಮೇಲ್ಮೈಯನ್ನೇ ಗೀಚಬಹುದು. ಆಮೇಲೆ ಅದು ದತ್ತಾಂಶ ಮರಳಿ ಪಡೆಯುವ ಪ್ರಯೋಗಾಲಯದ ಕೆಲಸ. ಮೆಮರಿ ಕಾರ್ಡ್‌ಗೆ ಇಂಥ ಸದ್ದಿಲ್ಲ; ಫಾರ್ಮ್ಯಾಟ್ ಮಾಡಲೇ ಎಂದು ಕ್ಯಾಮೆರಾ ಕೇಳತೊಡಗುವುದೇ ಅದರ ಸೂಚನೆ, ಆಗ ಬೇಡವೆಂದು ಒತ್ತಿ ಕಾರ್ಡನ್ನು ಹೊರತೆಗೆಯಿರಿ.