ರಾತ್ರಿ ಅಲಾರಂಗೆ ಎಷ್ಟು ಸೆಕೆಂಡ್ ಇಡಬೇಕು? (ಇಸಿ ಶೆಡ್)

"ಜಗಳೂರು ಹತ್ರ ನಮ್ಮದು ಇಸಿ ಕೋಳಿ ಶೆಡ್. ಇಎಸ್‌ಪಿ32 ಬೋರ್ಡ್ ಹಾಕಿ, ಕರೆಂಟ್ ಹೋದ್ರೆ ಫೋನ್ ಬರೋ ಹಾಗೆ ಮಾಡಿದ್ದೀನಿ. ಮಧ್ಯರಾತ್ರಿ ಎರಡು ಮೂರು ಸಲ ಹೊಡ್ಕೊಳ್ಳುತ್ತೆ. ಎದ್ದು ಹೋದ್ರೆ ಜನರೇಟರ್ ಓಡ್ತಾ ಇರುತ್ತೆ, ಎಲ್ಲಾ ಸರಿ. ಡಿಲೇ ಎಷ್ಟು ಇಡ್ಲಿ ಅಣ್ಣ?"

ಮೇಲೆ ಒಬ್ಬರು "15 ನಿಮಿಷ ಇಟ್ಟು ಮಲ್ಕೊಳ್ಳಿ" ಅಂದಿದ್ದಾರೆ. ಡಿಲೇ ಬೇಕು ಅನ್ನೋದು ನಿಜ, ಆದರೆ ಅಷ್ಟು ಬೇಡ. ಬೇಸಿಗೆಯಲ್ಲಿ, ಎರಡು ಕೆಜಿ ಕೋಳಿ ತುಂಬಿರುವ ಮುಚ್ಚಿದ ಶೆಡ್‌ನಲ್ಲಿ ಫ್ಯಾನ್ ನಿಂತರೆ 15–20 ನಿಮಿಷಕ್ಕೇ ಸಾಯೋಕೆ ಶುರುವಾಗಬಹುದು. ಬೋರ್‌ವೆಲ್ ಸ್ಟಾರ್ಟರ್‌ನ ಡಿಲೇ ಬಗ್ಗೆ ಬರೆದ ಅಣ್ಣಂಗೆ: ನಿಮ್ಮ ಮೋಟರ್ ಬೆಳಗಿನವರೆಗೆ ನಿಂತರೂ ನಡೆಯುತ್ತೆ, ಆ ಲೆಕ್ಕ ಇಲ್ಲಿ ಬರಲ್ಲ.

ಡಿಲೇ ಮುಟ್ಟೋ ಮೊದಲು ಸೆನ್ಸರ್ ಎಲ್ಲಿದೆ ನೋಡಿ. ನೀವು ಹೇಳಿದ್ದು ನೋಡಿದರೆ ಮೀಟರ್ ಕಡೆಯ ಲೈನ್‌ಗೆ ಕೊಟ್ಟಿದ್ದೀರಿ ಅನ್ಸುತ್ತೆ. ರಾತ್ರಿ ತ್ರೀ ಫೇಸ್ ಬದಲಾಯಿಸುವಾಗ ಲೈನ್ ಹೋಗಿ ಬರುತ್ತೆ, ನಿಮ್ಮ ಬೋರ್ಡ್ ಕೂಗುತ್ತೆ. ಅಷ್ಟರಲ್ಲಿ ಜನರೇಟರ್ ತಾನೇ ಸ್ಟಾರ್ಟ್ ಆಗಿರುತ್ತೆ. ಲೈನ್ ಹೋಗಿದ್ದು ನಿಮಗೆ ಬೇಕಿಲ್ಲ, ಫ್ಯಾನ್‌ಗೆ ಕರೆಂಟ್ ಇದೆಯಾ ಅನ್ನೋದು ಬೇಕು. ಚೇಂಜ್‌ಓವರ್ ಆದ ಮೇಲೆ ಬರುವ ಫ್ಯಾನ್ ಪ್ಯಾನೆಲ್ ಒಳಗೆ, ಮೂರೂ ಫೇಸ್‌ಗೆ ವೋಲ್ಟೇಜ್ ಸೆನ್ಸರ್ ಕೊಡಿ. ಒಂದೇ ಫೇಸ್ ಹೋದರೂ ಗೊತ್ತಾಗಬೇಕು. ಈ ಕೆಲಸ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಬಹುಶಃ ಅರ್ಧಕ್ಕಿಂತ ಜಾಸ್ತಿ ಕಾಲ್ ಇಲ್ಲೇ ನಿಲ್ಲುತ್ತೆ.

ಫ್ಯಾನ್ ವೈರ್‌ಗೆ ಸಿಟಿ ಸೆನ್ಸರ್ ಹಾಕಿ ಆಂಪ್ಸ್ ನೋಡಿ ಅಂತ ಇನ್ನೊಬ್ಬರು ಹೇಳಿದ್ದಾರೆ. ದೊಡ್ಡ ಕೋಳಿಗೆ ಒಳ್ಳೇದು. ಆದರೆ ಮರಿ ಇರುವಾಗ ಫ್ಯಾನ್ ಟೈಮರ್ ಮೇಲೆ ಓಡುತ್ತೆ, ಐದು ನಿಮಿಷಕ್ಕೊಮ್ಮೆ ಸ್ವಲ್ಪ ಹೊತ್ತು ಮಾತ್ರ. ಆಗ ಪ್ರತಿ ಸಲ ಫ್ಯಾನ್ ನಿಂತಾಗಲೂ ಫೋನ್ ಬರುತ್ತೆ. ಅದಕ್ಕೇ ವೋಲ್ಟೇಜ್ ಅಂದೆ. ಕರೆಂಟ್ ಇದ್ದೂ ಬೆಲ್ಟ್ ಕಿತ್ತು ಫ್ಯಾನ್ ನಿಂತರೆ ವೋಲ್ಟೇಜ್‌ನಲ್ಲಿ ಕಾಣಲ್ಲ. ಅದನ್ನು ಹಿಡಿಯೋಕೆ ಬೇರೆ ಟೆಂಪರೇಚರ್ ಅಲಾರಂ ಇರಲಿ. ಅದರ ಮಿತಿಯನ್ನು ಕೋಳಿ ವಯಸ್ಸಿನ ಜೊತೆ ಬದಲಾಯಿಸಿ. ಮೊದಲ ವಾರ 32 ಡಿಗ್ರಿ ಬೇಕಾದ ಶೆಡ್‌ಗೆ ನಾಲ್ಕು ವಾರದ ಮೇಲೆ 21ರ ಸುಮಾರು ಸಾಕು. ಮರಿ ಇದ್ದಾಗ ಇಟ್ಟ "28ಕ್ಕಿಂತ ಕಮ್ಮಿ" ಅಲಾರಂ ಹಾಗೇ ಉಳಿದಿದ್ದರೆ, ಚಳಿಗಾಲದಲ್ಲಿ ದಿನಾ ರಾತ್ರಿ ಅದೇ ಎಬ್ಬಿಸುತ್ತೆ.

ಈಗ ಸೆಕೆಂಡ್ ಲೆಕ್ಕ. ಹಿಂದಿನಿಂದ ಎಣಿಸಿ. ಬೇಸಿಗೆಯಲ್ಲಿ 10 ನಿಮಿಷದೊಳಗೆ ಫ್ಯಾನ್ ತಿರುಗಲೇಬೇಕು ಅಂತಿಟ್ಟುಕೊಳ್ಳಿ. ಕಾಲ್ ಬಂದು ನೀವು ಏಳೋಕೆ 2, ಮನೆಯಿಂದ ಶೆಡ್‌ಗೆ 3, ಕೈಯಲ್ಲಿ ಜನರೇಟರ್ ಹಾಕೋಕೆ 2. ಒಟ್ಟು 7 ಹೋಯ್ತು, ಉಳಿದದ್ದು 3. ಅದರಲ್ಲಿ ಅರ್ಧ ಮುಂಜಾಗ್ರತೆಗೆ ಬಿಡಿ, 90 ಸೆಕೆಂಡ್ ಸಿಗುತ್ತೆ. ಇದು ಮೇಲಿನ ಮಿತಿ. ಕೆಳಗಿನ ಮಿತಿಯನ್ನು ಜನರೇಟರ್ ಹೇಳುತ್ತೆ: ಲೋಡ್ ತೆಗೆದುಕೊಳ್ಳೋಕೆ 20–30 ಸೆಕೆಂಡ್, ಮೊದಲ ಸಲ ಹಿಡೀದೆ ಎರಡನೇ ಸಲ ಕ್ರ್ಯಾಂಕ್ ಆದರೆ ಒಂದು ನಿಮಿಷ. ಹಾಗಾಗಿ 90 ಸರಿ ಕೂರುತ್ತೆ. ಶೆಡ್ ಅರ್ಧ ಗಂಟೆ ದೂರ ಇರೋರಿಗೆ ಯಾವ ಸಂಖ್ಯೆಯೂ ಸಾಲಲ್ಲ, ಅಲ್ಲಿ ರಾತ್ರಿ ಆಳು ಇರಲೇಬೇಕು.

ಇನ್ನೊಂದು ತೊಂದರೆ ಇದೆ. ಕರೆಂಟ್ ಹೋಗ್ತಾ ಬರ್ತಾ ಇದ್ದರೆ ನೇರ ಟೈಮರ್ ಪ್ರತಿ ಸಲ ಸೊನ್ನೆಗೆ ಹೋಗುತ್ತೆ, ಅಲಾರಂ ಆಗೋದೇ ಇಲ್ಲ. ಟೈಮರ್ ಬದಲು ಏರಿ ಇಳಿಯುವ ಲೆಕ್ಕ ಇಡಿ. 10 ಸೆಕೆಂಡಿಗೊಮ್ಮೆ:

```
if (vMin < 170) offSec = min(120, offSec + 10);
else            offSec = max(0, offSec - 5);
if (offSec >= 90) alarm = true;
if (offSec == 0)  alarm = false;
```

`vMin` ಅಂದರೆ ಮೂರು ಫೇಸ್‌ನಲ್ಲಿ ಅತಿ ಕಮ್ಮಿ ಇರೋದು. ಕರೆಂಟ್ ಇಲ್ಲದಾಗ ಬೇಗ ಏರುತ್ತೆ, ಬಂದಾಗ ನಿಧಾನ ಇಳಿಯುತ್ತೆ. ಪೂರ್ತಿ ಹೋದರೆ 90 ಸೆಕೆಂಡಿಗೆ ಕೂಗುತ್ತೆ. ಹತ್ತು ಸೆಕೆಂಡ್ ಇದೆ, ಹತ್ತು ಸೆಕೆಂಡ್ ಇಲ್ಲ ಅನ್ನೋ ಹಾಗಿದ್ದರೂ ಐದಾರು ನಿಮಿಷದಲ್ಲಿ ಹಿಡಿಯುತ್ತೆ. 170 ಅನ್ನೋದು ನನ್ನ ಅಂದಾಜು. ನಿಮ್ಮಲ್ಲಿ ಪಂಪ್‌ಗಳು ಓಡುವಾಗ ಎಷ್ಟಕ್ಕೆ ಇಳಿಯುತ್ತೆ ಅಂತ ಒಂದು ವಾರ ಬರೆದಿಟ್ಟು ಅದಕ್ಕಿಂತ ಸ್ವಲ್ಪ ಕೆಳಗೆ ಇಡಿ. ಫ್ಯಾನ್ ಮೋಟರ್ ತಡೆಯುವ ವೋಲ್ಟೇಜ್‌ಗಿಂತ ಕೆಳಗೆ ಮಾತ್ರ ಹೋಗಬೇಡಿ.

ಬೋರ್ಡ್‌ಗೆ ಬೇರೆ ಬ್ಯಾಟರಿ ಇದೆ ತಾನೇ? ಇಲ್ಲದಿದ್ದರೆ ಕರೆಂಟ್ ಜೊತೆ ಅದೂ ಸಾಯುತ್ತೆ, ಹೇಳೋರೇ ಇರಲ್ಲ. ಟವರ್ ವಿಷಯ ನನಗೂ ಬಗೆಹರಿದಿಲ್ಲ. ಲೈನ್ ಹೋದಾಗ ಕೆಲವು ಸಲ ಸಿಗ್ನಲ್ಲೂ ಹೋಗುತ್ತೆ. ಅದಕ್ಕೆ ಶೆಡ್‌ನಲ್ಲೇ ಬ್ಯಾಟರಿ ಸೈರನ್ ಒಂದು ಹಾಕಿ, ರಿಲೇಯ ಎನ್‌ಸಿ ಕಾಂಟ್ಯಾಕ್ಟ್‌ಗೆ ಕೊಡಿ. ಎಲ್ಲಾ ಸರಿ ಇರುವವರೆಗೆ ಬೋರ್ಡ್ ಆ ರಿಲೇ ಎಳೆದು ಹಿಡಿದಿರಲಿ. ಬೋರ್ಡ್ ಸತ್ತರೆ ರಿಲೇ ಬಿಟ್ಟು ಸೈರನ್ ತಾನೇ ಹೊಡೆಯುತ್ತೆ. ಎರಡು ಸಿಮ್ ಹಾಕಿದವರು ಗುಂಪಿನಲ್ಲಿ ಇದ್ದರೆ ಹೇಗೆ ನಡೀತಿದೆ ಹೇಳಿ.

ವೈರಿಂಗ್ ಬದಲಾಯಿಸಿದ ಮೇಲೆ, ಕೋಳಿ ಚಿಕ್ಕದಿರುವಾಗಲೇ, ಹಗಲು ತಂಪು ಹೊತ್ತಲ್ಲಿ ಜನರೇಟರ್ ಆಟೋ ಆಫ್ ಮಾಡಿ ಮೇನ್ ಇಳಿಸಿ ನೋಡಿ. ಫೋನ್ ಎಷ್ಟು ಸೆಕೆಂಡಿಗೆ ಬಂತು ಅಂತ ಇಲ್ಲೇ ಹಾಕಿ.