ಕಾಳುಮೆಣಸಿನ ಬಿಲ್‌ನಲ್ಲಿ ದರ ಜಾಸ್ತಿ ಬಿದ್ದಿದ್ದರೆ?

"ನಮ್ಮದು ಗೋಣಿಕೊಪ್ಪದಲ್ಲಿ ಮೆಣಸಿನ ವ್ಯಾಪಾರ. ಆಗಸ್ಟ್‌ನಲ್ಲಿ ಮೈಸೂರಿನ ಪಾರ್ಟಿಗೆ 100 ಕೆ.ಜಿ. ಮೆಣಸಿಗೆ ಕೆ.ಜಿ.ಗೆ 670 ರೂ. ಬದಲು 720ರಂತೆ ಬಿಲ್ ಆಗಿದೆ. ರಿಟರ್ನ್ ಹಾಕಿಯೂ ಆಯ್ತು. ಈಗ ಅಕ್ಟೋಬರ್. ಏನು ಮಾಡಬೇಕು?"

ಆಗಸ್ಟ್ ರಿಟರ್ನ್ ಮುಟ್ಟಬೇಡಿ, ಹಳೇ ಬಿಲ್ಲನ್ನೂ ರದ್ದು ಮಾಡಬೇಡಿ. ಅಕ್ಟೋಬರ್ ದಿನಾಂಕದಲ್ಲೇ ಕ್ರೆಡಿಟ್ ನೋಟ್ ಕೊಡಿ. ವ್ಯತ್ಯಾಸ 5,000 ರೂ., ಅದರ ಮೇಲೆ ಶೇ. 5ರಂತೆ 250 ತೆರಿಗೆ (ಸಿಜಿಎಸ್‌ಟಿ 125, ಎಸ್‌ಜಿಎಸ್‌ಟಿ 125), ಒಟ್ಟು 5,250. ಹಳೇ ಬಿಲ್ ನಂಬರ್, ದಿನಾಂಕ ಅದರಲ್ಲಿ ಇರಲಿ.

ಅಕ್ಟೋಬರ್ GSTR-1ರಲ್ಲಿ 9B ಕೋಷ್ಟಕದಲ್ಲಿ ತೋರಿಸಿದರೆ, ಆ ತಿಂಗಳ GSTR-3Bಯ 3.1(a)ಯಲ್ಲಿ ಮಾರಾಟವೂ ತೆರಿಗೆಯೂ ಅಷ್ಟು ಇಳಿಯುತ್ತದೆ. ಕೆಲವರು 9B ಬಿಟ್ಟು 3Bಯಲ್ಲಿ ಮಾತ್ರ ಕಳೆಯುತ್ತಾರೆ. ಆಗ ಎರಡು ರಿಟರ್ನ್ ತಾಳೆಯಾಗದೆ ನೋಟಿಸ್ ಬರಬಹುದು.

ನಿಜವಾದ ತಲೆನೋವು ಪಾರ್ಟಿಯ ಕಡೆಯದು. ಅವರು ಆಗಲೇ 250ರ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಅದನ್ನು ವಾಪಸ್ ಮಾಡಲೇಬೇಕು. ಮಾಡದಿದ್ದರೆ ನಿಮಗೆ ತೆರಿಗೆ ಇಳಿಸುವ ಹಕ್ಕಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಬಿಲ್, ನೋಟುಗಳನ್ನು ಒಪ್ಪುವ ಅಥವಾ ತಿರಸ್ಕರಿಸುವ IMS ವಿಭಾಗದಲ್ಲಿ ಅವರು ನಿಮ್ಮ ನೋಟನ್ನು ತಿರಸ್ಕರಿಸಿದರೆ, ಕಳೆದ 250 ನಿಮ್ಮ ಮುಂದಿನ 3Bಗೆ ಮತ್ತೆ ಸೇರುತ್ತದೆ. ಹಾಗಾಗಿ ನೋಟ್ ಕಳಿಸುವ ಮೊದಲೇ ಅವರ ಲೆಕ್ಕದವರಿಗೆ ಫೋನ್ ಮಾಡಿ. ಏನೆಂದು ತಿಳಿಯದೆ ತಿರಸ್ಕರಿಸುವವರೂ ಇದ್ದಾರೆ. ವಾಪಸ್ ಮಾಡಿದ್ದಕ್ಕೆ ಅವರಿಂದ ಒಂದು ಬರಹ ತೆಗೆದಿಟ್ಟುಕೊಳ್ಳಿ.

ಗಡುವು: ಬಿಲ್ ಆದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30, ಅಥವಾ ನಿಮ್ಮ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. ಅದು ದಾಟಿದರೆ ಪಾರ್ಟಿಗೆ 5,000 ಬಿಟ್ಟುಕೊಡಬಹುದು, ಆದರೆ 250 ತೆರಿಗೆ ಇಳಿಯುವುದಿಲ್ಲ, ಅದು ನಿಮ್ಮ ಕೈಯಿಂದಲೇ.